ಯಾರನ್ನೂ ತೆಗೆದಿಲ್ಲ, ಆದರೂ ಕೆಲಸ ಹೋಗಿದೆ

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುವ ಕಡೆ ವ್ಯವಹಾರ ಮಂದವಾಗಿತ್ತು. ಹೊಸ ಆರ್ಡರ್‌ಗಳು ಬರುತ್ತಿರಲಿಲ್ಲ. ಯಾರನ್ನು ಮನೆಗೆ ಕಳಿಸುತ್ತಾರೋ ಅನ್ನುವ ಗುಸುಗುಸು ವಾರಗಟ್ಟಲೆ ನಡೆದಿತ್ತು. ಕೊನೆಗೊಂದು ದಿನ ಎಲ್ಲರನ್ನೂ ಸೇರಿಸಿ ಮೇಲಿನವರು ಹೇಳಿದರು: "ಯಾರನ್ನೂ ತೆಗೆಯೋದಿಲ್ಲ. ಹೊಸಬರನ್ನ ತಗೊಳೋದನ್ನ ಮಾತ್ರ ಸದ್ಯಕ್ಕೆ ನಿಲ್ಲಿಸ್ತೀವಿ." ಇಡೀ ಕೋಣೆ ಉಸಿರು ಬಿಟ್ಟಿತು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ಸೇರಿಕೊಂಡರು. ನನಗೂ ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ. ಮನೆ ಸಾಲ, ಮಕ್ಕಳ ಫೀಸು ಎಲ್ಲರಿಗೂ ಇರುತ್ತಲ್ವಾ.

ಅವತ್ತು ಸಂಜೆ ನೇಮಕಾತಿ ನೋಡಿಕೊಳ್ಳುವ ಸಹೋದ್ಯೋಗಿಯ ಪಕ್ಕ ಕೂತಿದ್ದೆ. ಅವರ ಲ್ಯಾಪ್‌ಟಾಪಿನಲ್ಲಿ ಆ ವರ್ಷ ತೆಗೆದುಕೊಳ್ಳಬೇಕಿದ್ದ ಹೊಸಬರ ಪಟ್ಟಿ ತೆರೆದಿತ್ತು. ಲಿಖಿತ ಪರೀಕ್ಷೆ ಮುಗಿಸಿದವರು, ಮೊದಲ ಸುತ್ತಿನ ಸಂದರ್ಶನ ಮುಗಿಸಿದವರು, ಆಫರ್ ಲೆಟರ್ ಒಂದೇ ಬಾಕಿ ಇದ್ದವರು, ಎಲ್ಲರೂ ಅದರಲ್ಲಿದ್ದರು. ಅವರು ಒಂದೊಂದೇ ಸಾಲಿಗೆ ಹೋಗಿ ಕೊನೆಯ ಕಾಲಂನಲ್ಲಿ 'ತಡೆಹಿಡಿದಿದೆ' ಅಂತ ತುಂಬುತ್ತಾ ಹೋದರು. ಸ್ವಲ್ಪ ಹೊತ್ತಿಗೆ ಆ ಕಾಲಂ ಪೂರ್ತಿ ಒಂದೇ ಪದದಿಂದ ತುಂಬಿತು. "ಇವರಿಗೆಲ್ಲ ಏನು ಹೇಳ್ತೀರಿ?" ಅಂತ ಕೇಳಿದೆ. "ಹೇಳೋದೇನಿದೆ? ಆಫರ್ ಕೊಟ್ಟಿರಲಿಲ್ಲವಲ್ಲ," ಅಂದರು. ಅವರದು ಕಟುವಾದ ಮನಸ್ಸಲ್ಲ. ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯೇ. ಇಲ್ಲದ ಕೆಲಸದಿಂದ ಯಾರನ್ನಾದರೂ ತೆಗೆಯೋದು ಹೇಗೆ?

ಆ ಪ್ರಶ್ನೆ ನನ್ನ ತಲೆಯಲ್ಲೇ ಉಳಿದುಬಿಟ್ಟಿತು. ಕೆಲಸ ಕಳೆದುಕೊಂಡವರ ಸಂಖ್ಯೆ ಅಂತ ನಾವು ಓದುವ ಲೆಕ್ಕದಲ್ಲಿ ಆ ಪಟ್ಟಿಯ ಒಬ್ಬರೂ ಸೇರಲಿಲ್ಲ. ಆದರೆ ಆ ಸಭೆಯ ಪೂರ್ತಿ ಬೆಲೆ ತೆತ್ತವರು ಅವರೇ. ಆಮೇಲೆ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದೆ, ಸಂದರ್ಶನದ ಪ್ಯಾನೆಲ್‌ಗಳಲ್ಲಿ ಕೂತು ನೋಡುತ್ತಲೂ ಬಂದೆ. ಕೆಲಸದ ಮಾರುಕಟ್ಟೆ ನಿಧಾನವಾದಾಗ ಮೊದಲ ಏಟು ಯುವಕ ಯುವತಿಯರಿಗೇ ಬೀಳೋದು ಯಾರದೋ ದುರುದ್ದೇಶದಿಂದ ಅಲ್ಲ. ವ್ಯವಸ್ಥೆ ಕೂತಿರುವ ರೀತಿಯೇ ಹಾಗಿದೆ.

ಒಳಗಿದ್ದವರಿಗೆ ಮೂರು, ಹೊರಗಿದ್ದವರಿಗೆ ಎಂಬತ್ತು

ಸಾವಿರ ಜನ ಕೆಲಸ ಮಾಡುವ ಒಂದು ಕಂಪನಿ ಇದೆ ಅಂದುಕೊಳ್ಳಿ. ಈ ಅಂಕಿಗಳು ನಾನೇ ಇಟ್ಟುಕೊಂಡವು, ಲೆಕ್ಕ ಕಣ್ಣಿಗೆ ಕಾಣಲಿ ಅಂತ. ಮಾಮೂಲಿ ವರ್ಷದಲ್ಲಿ ಅಲ್ಲಿಂದ 120 ಜನ ಬಿಟ್ಟು ಹೋಗುತ್ತಾರೆ. ಕೆಲವರು ನಿವೃತ್ತರಾಗುತ್ತಾರೆ, ಕೆಲವರಿಗೆ ಬೇರೆ ಕಡೆ ಒಳ್ಳೆಯ ಕೆಲಸ ಸಿಗುತ್ತದೆ, ಕೆಲವರು ಊರು ಬದಲಾಯಿಸುತ್ತಾರೆ. ಅವರ ಜಾಗಕ್ಕೆ 120 ಜನ ಬೇಕು. ಕಂಪನಿ ಬೆಳೆಯುತ್ತಿದೆ, ಹಾಗಾಗಿ ಇನ್ನೂ 30 ಜನ ಬೇಕು. ಒಟ್ಟು 150 ಜನರನ್ನು ತೆಗೆದುಕೊಳ್ಳುತ್ತಾರೆ. ಅದರಲ್ಲಿ 60 ಜನ ಫ್ರೆಶರ್‌ಗಳು ಅಂತ ಇಟ್ಟುಕೊಳ್ಳೋಣ.

ಈಗ ವ್ಯವಹಾರ ಇಳಿಯಿತು. ಬೆಳವಣಿಗೆಗೆ ಅಂತ ಇದ್ದ 30 ಹುದ್ದೆ ಮೊದಲು ಹೋಯಿತು. ಎರಡನೆಯ ಬದಲಾವಣೆ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳೋದಿಲ್ಲ, ಆದರೆ ಅದೇ ದೊಡ್ಡದು. ಹೊರಗೆ ಎಲ್ಲೂ ಕೆಲಸ ಖಾಲಿ ಇಲ್ಲ, ಹಾಗಾಗಿ ಒಳಗಿದ್ದವರು ಬಿಟ್ಟು ಹೋಗೋದನ್ನ ನಿಲ್ಲಿಸುತ್ತಾರೆ. 120 ಜನ ಹೋಗುತ್ತಿದ್ದ ಕಡೆ 60 ಜನ ಮಾತ್ರ ಹೋಗುತ್ತಾರೆ. ಆ 60ರಲ್ಲೂ ಅರ್ಧ ಜಾಗ ಮಾತ್ರ ತುಂಬಿ ಅಂತ ಮೇಲಿಂದ ಅಪ್ಪಣೆ ಬರುತ್ತದೆ. ಉಳಿದದ್ದು 30.

ವರ್ಷದ ಕೊನೆಗೆ ಕಂಪನಿಯಲ್ಲಿ 970 ಜನ ಇದ್ದಾರೆ. ಒಬ್ಬರನ್ನೂ ತೆಗೆದಿಲ್ಲ. ಉದ್ಯೋಗಿಗಳ ಸಂಖ್ಯೆ ಶೇ 3ರಷ್ಟು ಇಳಿದಿದೆ, ಅಷ್ಟೇ. ಆದರೆ ಹೊಸ ನೇಮಕ 150ರಿಂದ 30ಕ್ಕೆ ಬಂತು, ಅಂದರೆ ಶೇ 80ರಷ್ಟು ಕುಸಿತ. ಆ 30 ಜಾಗ ಯಾವುವು? ಖಾಲಿ ಬಿಟ್ಟರೆ ಕೆಲಸವೇ ನಿಂತುಹೋಗುವಂಥವು. ಅಂಥ ಕಡೆಗೆ ಬಂದ ದಿನವೇ ಕೆಲಸ ಶುರುಮಾಡುವವರು ಬೇಕು. ಹಾಗಾಗಿ ಫ್ರೆಶರ್‌ಗಳ ಪಾಲು 60ರಿಂದ ನಾಲ್ಕೈದಕ್ಕೆ ಬಂದರೂ ಆಶ್ಚರ್ಯವಿಲ್ಲ. ಒಂದೇ ಕಂಪನಿ, ಒಂದೇ ವರ್ಷ. ಒಳಗಿಂದ ನೋಡಿದವರಿಗೆ ಸಣ್ಣ ತೊಂದರೆ, ಬಾಗಿಲಲ್ಲಿ ನಿಂತವರಿಗೆ ಬಾಗಿಲೇ ಮುಚ್ಚಿದೆ.

ನಲವತ್ತೈದು ವರ್ಷದವರಲ್ಲಿ ಹೆಚ್ಚಿನವರು ಯಾವುದೇ ಒಂದು ವರ್ಷದಲ್ಲಿ ಕೆಲಸ ಹುಡುಕುತ್ತಲೇ ಇರುವುದಿಲ್ಲ. ಅವರಿಗೆ ಮುಖ್ಯವಾದದ್ದು ಇರುವ ಕೆಲಸ ಉಳಿಯುತ್ತದಾ ಅನ್ನೋದು. ಇಪ್ಪತ್ತೆರಡು ವರ್ಷದವರಿಗೆ ಉಳಿಸಿಕೊಳ್ಳಲು ಏನೂ ಇಲ್ಲ. ಅವರ ಇಡೀ ಬದುಕು ನಿಂತಿರುವುದು ಆ ವರ್ಷ ಎಷ್ಟು ಜನರನ್ನು ಹೊಸದಾಗಿ ತಗೊಂಡರು ಅನ್ನುವ ಒಂದೇ ಸಂಖ್ಯೆಯ ಮೇಲೆ. ಅದಕ್ಕೇ ಲೇಆಫ್ ಇಲ್ಲದೆಯೂ ಯುವಕರ ಪಾಲಿಗೆ ಪೂರಾ ಹಿಂಜರಿತ ಬರಬಹುದು.

ಇದು ಕಾಗದದ ಮೇಲಿನ ಲೆಕ್ಕ ಮಾತ್ರ ಅಲ್ಲ. ಅಮೆರಿಕದ ಸರ್ಕಾರ 2000ದ ಕೊನೆಯಿಂದ ಪ್ರತಿ ತಿಂಗಳೂ ಎಷ್ಟು ಜನ ಹೊಸದಾಗಿ ಸೇರಿದರು, ಎಷ್ಟು ಜನ ತಾವಾಗೇ ಬಿಟ್ಟರು, ಎಷ್ಟು ಜನರನ್ನು ತೆಗೆದರು ಅಂತ ಬೇರೆ ಬೇರೆಯಾಗಿ ಎಣಿಸುತ್ತಿದೆ. 2025ರಲ್ಲಿ ಅಲ್ಲಿ ನಿರುದ್ಯೋಗ ಶೇ 4ರ ಸ್ವಲ್ಪ ಮೇಲಿತ್ತು. ಕೆಲಸದಿಂದ ತೆಗೆಯುವ ಪ್ರಮಾಣವೂ ಕಡಿಮೆಯೇ ಇತ್ತು. ಮೇಲ್ನೋಟಕ್ಕೆ ಎಲ್ಲ ಚೆನ್ನಾಗಿದೆ. ಆದರೆ ತಿಂಗಳಿಗೆ ಹೊಸದಾಗಿ ಸೇರುವವರ ಪ್ರಮಾಣ ಶೇ 3.3ರ ಆಸುಪಾಸಿಗೆ ಬಂದಿತ್ತು. 2013ರಲ್ಲಿ, ನಿರುದ್ಯೋಗ ಶೇ 7ರ ಮೇಲಿದ್ದಾಗ, ಇದ್ದದ್ದೂ ಹೆಚ್ಚುಕಡಿಮೆ ಇಷ್ಟೇ. ಕೆಲಸ ಇರುವವರಿಗೆ ಅದು 2025, ಕೆಲಸ ಹುಡುಕುವವರಿಗೆ 2013. ಆಗಷ್ಟೇ ಪದವಿ ಮುಗಿಸಿದವರ ನಿರುದ್ಯೋಗ ಅಲ್ಲಿ ಸಾಮಾನ್ಯವಾಗಿ ಒಟ್ಟಾರೆ ಪ್ರಮಾಣಕ್ಕಿಂತ ಕೆಳಗೇ ಇರುತ್ತಿತ್ತು. ಈ ಸಲ ಅದನ್ನು ದಾಟಿ ಮೇಲೆ ಹೋಯಿತು.

ಇಲ್ಲೊಂದು ಪಕ್ಕದ ಮಾತು. ಯುವಕರ ನಿರುದ್ಯೋಗದ ಅಂಕಿ ನೋಡುವಾಗ ಯಾರನ್ನು ಎಣಿಸಿದ್ದಾರೆ ಅಂತ ಒಂದು ಸಲ ಗಮನಿಸಬೇಕು. ನಿರುದ್ಯೋಗಿ ಅನ್ನಿಸಿಕೊಳ್ಳಲು ಕೆಲಸ ಇಲ್ಲದಿದ್ದರೆ ಸಾಲದು. ಕಳೆದ ನಾಲ್ಕು ವಾರಗಳಲ್ಲಿ ಕೆಲಸ ಹುಡುಕಿರಬೇಕು, ಸಿಕ್ಕರೆ ಸೇರಲು ತಯಾರಿರಬೇಕು. ಕೆಲಸ ಹುಡುಕದೆ ಓದುತ್ತಿರುವವರು, ಬೇಸತ್ತು ಹುಡುಕೋದನ್ನೇ ಬಿಟ್ಟವರು ಲೆಕ್ಕದಲ್ಲಿಲ್ಲ. 2013ರಲ್ಲಿ ಸ್ಪೇನಿನ ಯುವ ನಿರುದ್ಯೋಗ ಸುಮಾರು ಶೇ 55 ಅಂತ ಸುದ್ದಿಯಾಯಿತು. ಅರ್ಧಕ್ಕಿಂತ ಹೆಚ್ಚು ಹುಡುಗ ಹುಡುಗಿಯರು ಕೆಲಸವಿಲ್ಲದೆ ಅಲೆಯುತ್ತಿದ್ದಾರೆ ಅಂತ ಬಹಳ ಜನ ಅಂದುಕೊಂಡರು. ನಿಜವಾಗಿ ಅದು ಕೆಲಸದಲ್ಲಿರುವ ಮತ್ತು ಕೆಲಸ ಹುಡುಕುತ್ತಿರುವ ಯುವಕರನ್ನು ಮಾತ್ರ ಸೇರಿಸಿ ನೋಡಿದಾಗ ಹುಡುಕುತ್ತಿರುವವರ ಪಾಲು. ಆ ವಯಸ್ಸಿನ ಎಲ್ಲರನ್ನೂ ಸೇರಿಸಿದರೆ ಐವರಲ್ಲಿ ಒಬ್ಬರಷ್ಟು ಆಗುತ್ತಿತ್ತು. ಅದೂ ಭಯಂಕರವೇ. ಆದರೆ ಎರಡೂ ಒಂದೇ ಅಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಕೆಲಸ ಸಿಗಲ್ಲ ಅಂತ ಸುಮ್ನೆ ಇನ್ನೊಂದು ಕೋರ್ಸಿಗೆ ಸೇರಿಕೊಂಡವರು ಈ ಎರಡೂ ಅಂಕಿಗಳಲ್ಲಿ ಕಾಣಿಸೋದಿಲ್ಲ.

ಮೇಲಿನವರು ಎದ್ದರೆ ಕೆಳಗೆ ಜಾಗ

ಜನ ಬಿಟ್ಟು ಹೋಗೋದು ನಿಂತರೆ ಫ್ರೆಶರ್‌ಗಳಿಗೆ ಯಾಕೆ ತೊಂದರೆ ಅನ್ನೋದನ್ನ ಇನ್ನೂ ಸ್ವಲ್ಪ ಬಿಡಿಸಿ ನೋಡೋಣ. ಒಂದು ದೊಡ್ಡ ಕಂಪನಿಯ ಅಕೌಂಟ್ಸ್ ಮ್ಯಾನೇಜರ್‌ಗೆ ಬೇರೆ ಕಡೆ ಕೆಲಸ ಸಿಕ್ಕಿತು. ಅವರ ಕುರ್ಚಿಗೆ ಅವರ ಕೈಕೆಳಗಿದ್ದವರು ಬಡ್ತಿ ಪಡೆದು ಬಂದರು. ಇವರ ಜಾಗಕ್ಕೆ ಅದೇ ವಿಭಾಗದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ ಒಬ್ಬರು ಏರಿದರು. ಅವರ ಜಾಗಕ್ಕೆ ಒಂದು ಸಣ್ಣ ಕಂಪನಿಯಿಂದ ಎರಡು ವರ್ಷ ಅನುಭವ ಇದ್ದ ಹುಡುಗಿಯನ್ನು ತಂದರು. ಈಗ ಸಣ್ಣ ಕಂಪನಿಯಲ್ಲಿ ಕೆಳಗಿನ ಮೆಟ್ಟಿಲಿನ ಒಂದು ಹುದ್ದೆ ಖಾಲಿ. ಅಷ್ಟು ಸಂಬಳಕ್ಕೆ ಅನುಭವಿಗಳು ಬರೋದಿಲ್ಲ. ಕಾಲೇಜು ಮುಗಿಸಿದ ಒಬ್ಬನನ್ನು ತಗೊಂಡರು. ಅವನು ತನ್ನ ಜೀವಮಾನದಲ್ಲಿ ಆ ಮ್ಯಾನೇಜರ್‌ನ ಹೆಸರು ಕೇಳೋದಿಲ್ಲ. ಆದರೆ ಅವನಿಗೆ ಮೊದಲ ಕೆಲಸ ಸಿಕ್ಕಿದ್ದು ಅವರು ಎದ್ದು ಹೋದದ್ದರಿಂದ.

ಅರ್ಥಶಾಸ್ತ್ರದವರು ಇದನ್ನು ಖಾಲಿ ಹುದ್ದೆಗಳ ಸರಪಳಿ ಅಂತಾರೆ. ಮೇಲಿನ ಕುರ್ಚಿ ಖಾಲಿಯಾದರೆ ಆ ಖಾಲಿ ಜಾಗ ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಇಳಿಯುತ್ತದೆ. ಇಳಿದು ಇಳಿದು ಕೊನೆಗೆ ಹೊರಗಿಂದ ಹೊಸಬರೊಬ್ಬರು ಬಂದಾಗ ನಿಲ್ಲುತ್ತದೆ. ಮಂದಗಾಲದಲ್ಲಿ ಆ ಮ್ಯಾನೇಜರ್ ಎದ್ದೇಳೋದಿಲ್ಲ. ಅದಕ್ಕೆ ಒಳ್ಳೆಯ ಕಾರಣವೂ ಇದೆ. ಬಹಳ ಕಡೆ ಜನರನ್ನು ತೆಗೆಯಬೇಕಾದಾಗ ಕೊನೆಗೆ ಬಂದವರನ್ನು ಮೊದಲು ಕಳಿಸುತ್ತಾರೆ, ಪರಿಹಾರದ ಹಣವೂ ಸೇವೆಯ ವರ್ಷಗಳ ಮೇಲೆ ಏರುತ್ತದೆ. ಹತ್ತು ವರ್ಷದ ಸೇವೆ ಬಿಟ್ಟು ಹೊಸ ಕಡೆ ಸೇರಿದರೆ ಅವರೇ ಅಲ್ಲಿ ಕೊನೆಗೆ ಬಂದವರು. ಅಂಥ ಹೊತ್ತಿನಲ್ಲಿ ಯಾರು ಎದ್ದೇಳುತ್ತಾರೆ? ಅವರು ಕೂತಲ್ಲೇ ಕೂತರೆ ಆ ನಾಲ್ಕೂ ಚಲನೆಗಳು ಶುರುವಾಗುವ ಮೊದಲೇ ನಿಂತವು.

ಇಷ್ಟೇ ಆಗಿದ್ದರೆ ಸಾಕಿತ್ತು. ಮಂದಗಾಲದಲ್ಲಿ ಸರಪಳಿ ಉಲ್ಟಾ ಕೂಡ ತಿರುಗುತ್ತದೆ. ಎಲ್ಲೋ ಕೆಲಸ ಕಳೆದುಕೊಂಡ ಮೂರು ವರ್ಷ ಅನುಭವದವರು ಕೆಳಗಿನ ಮೆಟ್ಟಿಲಿನ ಕೆಲಸಕ್ಕೇ ಅರ್ಜಿ ಹಾಕುತ್ತಾರೆ. ಹೊಟ್ಟೆಪಾಡು, ಅವರನ್ನು ದೂರುವ ಹಾಗಿಲ್ಲ. ಆದರೆ ಒಂದೇ ಸಂಬಳಕ್ಕೆ ಅವರೂ ಸಿಗುತ್ತಾರೆ, ಫ್ರೆಶರ್ ಕೂಡ ಸಿಗುತ್ತಾನೆ ಅಂದರೆ ಕಂಪನಿ ಯಾರನ್ನು ಆರಿಸುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ವಯಸ್ಸಾದವರನ್ನು ಬೇಗ ಮನೆಗೆ ಕಳಿಸಿದರೆ ಯುವಕರಿಗೆ ಜಾಗ ಆಗುತ್ತದಾ? ಕೇಳಲು ಸರಿ ಅನ್ನಿಸುತ್ತದೆ. ಯುರೋಪಿನ ಕೆಲವು ದೇಶಗಳು ಅವಧಿಗೆ ಮುಂಚಿನ ನಿವೃತ್ತಿಗೆ ದಾರಿ ಮಾಡಿಕೊಟ್ಟಾಗ ಈ ವಾದವನ್ನೂ ಮುಂದಿಟ್ಟಿದ್ದವು. ಜೋನಾಥನ್ ಗ್ರೂಬರ್ ಮತ್ತು ಡೇವಿಡ್ ವೈಸ್ ಅವರ ಮುಂದಾಳತ್ವದಲ್ಲಿ 12 ದೇಶಗಳ ಅನುಭವ ನೋಡಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಿರಿಯರು ಹೊರಗೆ ಹೋದದ್ದರಿಂದ ಯುವಕರ ಉದ್ಯೋಗ ಹೆಚ್ಚಿತು ಅನ್ನೋದಕ್ಕೆ ಆಧಾರ ಸಿಗಲಿಲ್ಲ. ಕಾರಣ ಸರಳ. ಸರಪಳಿ ಶುರುವಾಗುವುದು ಹಿರಿಯರು ಇನ್ನೊಂದು ಒಳ್ಳೆಯ ಕುರ್ಚಿಗೆ ಹೋದಾಗ, ಹಳೆಯ ಕುರ್ಚಿಗೆ ಇನ್ನೊಬ್ಬರು ಬೇಕಾದಾಗ. ಬೇಡಿಕೆ ಇಲ್ಲದ ಹೊತ್ತಿನಲ್ಲಿ ಹಿರಿಯರನ್ನು ಕಳಿಸಿದರೆ ಆ ಕುರ್ಚಿಯನ್ನೇ ಎತ್ತಿಡುತ್ತಾರೆ. ಅಪ್ಪನ ಕೆಲಸ ಕಿತ್ತು ಮಗನಿಗೆ ಕೊಡೋದು ಪರಿಹಾರವಲ್ಲ, ಹಾಗೆ ಕೊಟ್ಟ ಕೆಲಸ ಮಗನ ಕೈಗೆ ಬಂದು ಸೇರೋದೂ ಇಲ್ಲ.

ಅನುಭವ ಎಲ್ಲಿಂದ ತರಬೇಕು?

"ಅನುಭವ ಬೇಕು ಅಂತೀರಿ. ಕೆಲಸವೇ ಕೊಡದೆ ಅನುಭವ ಎಲ್ಲಿಂದ ಬರ್ಬೇಕು?" ಪ್ರತಿ ಪೀಳಿಗೆಯೂ ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಆದರೆ ಕಂಪನಿಗಳು ಯಾಕೆ ಹೀಗೆ ಮಾಡುತ್ತವೆ ಅಂತ ತಿಳಿದುಕೊಂಡರೆ ಗಂಟು ಎಲ್ಲಿದೆ ಅಂತ ಗೊತ್ತಾಗುತ್ತದೆ.

ಫ್ರೆಶರ್ ಬಂದ ಮೊದಲ ತಿಂಗಳುಗಳಲ್ಲಿ ಅವರಿಂದ ಆಗುವ ಕೆಲಸಕ್ಕಿಂತ ಅವರ ಮೇಲೆ ಆಗುವ ಖರ್ಚು ಜಾಸ್ತಿ. ಸಂಬಳ ಅದರಲ್ಲಿ ಸಣ್ಣ ಭಾಗ. ಅವರು ಮಾಡಿದ್ದನ್ನು ತಿದ್ದುವ, ಪಕ್ಕದಲ್ಲಿ ಕೂತು ಹೇಳಿಕೊಡುವ ಹಿರಿಯರ ಸಮಯವೇ ದುಬಾರಿ. ಜೊತೆಗೆ ಈ ಹುಡುಗ ನಿಜಕ್ಕೂ ಕೆಲಸ ಮಾಡುತ್ತಾನಾ, ಹೇಳಿದ ಹೊತ್ತಿಗೆ ಮುಗಿಸುತ್ತಾನಾ ಅಂತ ಯಾರಿಗೂ ಗೊತ್ತಿಲ್ಲ. ಅದನ್ನು ಕಂಡುಹಿಡಿಯುವ ದಾರಿ ಒಂದೇ, ಕೆಲಸ ಕೊಟ್ಟು ನೋಡೋದು. ನೋಡಿದ ಮೇಲೆ ಒಳ್ಳೆಯವನು ಅಂತ ಗೊತ್ತಾದರೆ? ಆ ಮಾಹಿತಿಯಿಂದ ಲಾಭ ಆಗೋದು ಹುಡುಗನಿಗೆ ಮತ್ತು ಅವನನ್ನು ಮುಂದೆ ಕರೆದುಕೊಳ್ಳುವ ಇನ್ನೊಂದು ಕಂಪನಿಗೆ. ಖರ್ಚು ಮಾಡಿದ್ದು ಮೊದಲನೆಯವರು. ಹಾಗಾಗಿ ಪ್ರತಿಯೊಬ್ಬರೂ ಇನ್ನೊಬ್ಬರು ಮೊದಲು ತಗೊಳ್ಳಲಿ ಅಂತ ಕಾಯುತ್ತಾರೆ.

ಅಮಾಂಡಾ ಪಲ್ಲೈ ಅನ್ನುವ ಅರ್ಥಶಾಸ್ತ್ರಜ್ಞೆ ಇದನ್ನು ನೇರವಾಗಿ ಪ್ರಯೋಗ ಮಾಡಿ ನೋಡಿದರು. 2014ರಲ್ಲಿ ಪ್ರಕಟವಾದ ಕೆಲಸ ಅದು. ಆನ್‌ಲೈನಿನಲ್ಲಿ ಸಣ್ಣಪುಟ್ಟ ಕೆಲಸ ಕೊಡುವ ಒಂದು ತಾಣದಲ್ಲಿ ಡೇಟಾ ಎಂಟ್ರಿ ಕೆಲಸಕ್ಕೆ ಅರ್ಜಿ ಹಾಕಿದವರಲ್ಲಿ 952 ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿ ಕೆಲಸ ಕೊಟ್ಟರು. ಕೆಲಸ ಮುಗಿದ ಮೇಲೆ ಅವರ ಬಗ್ಗೆ ಎಲ್ಲರಿಗೂ ಕಾಣುವ ಹಾಗೆ ಅಭಿಪ್ರಾಯ ಬರೆದರು. ಕೆಲವರ ಬಗ್ಗೆ ಚಿಕ್ಕದಾಗಿ, ಕೆಲವರ ಬಗ್ಗೆ ವಿವರವಾಗಿ. ಮೊದಲು ಅಲ್ಲಿ ಯಾವ ಕೆಲಸವನ್ನೂ ಮಾಡಿರದ ಹೊಸಬರಿಗೆ ಆಮೇಲೆ ಬೇರೆಯವರಿಂದಲೂ ಕೆಲಸ ಬರತೊಡಗಿತು, ಗಳಿಕೆ ಏರಿತು. ಆರಿಸಿದ್ದು ಚೀಟಿ ಎತ್ತಿದ ಹಾಗೆ ಅನ್ನೋದು ಇಲ್ಲಿ ಮುಖ್ಯ. ಕೆಲಸ ಸಿಕ್ಕವರು ಸಿಗದವರಿಗಿಂತ ಜಾಣರೇನೂ ಆಗಿರಲಿಲ್ಲ. ಒಂದೇ ಒಂದು ಸಣ್ಣ ಕೆಲಸ, ಅದರ ಜೊತೆ ಯಾರೋ ಬರೆದ ನಾಲ್ಕು ಸಾಲು, ಇಷ್ಟೇ ವ್ಯತ್ಯಾಸ. ಬಾಗಿಲ ಹೊರಗೆ ಉಳಿದವರಲ್ಲಿ ಬಹಳ ಜನ ಒಳಗಿದ್ದವರಷ್ಟೇ ಕೆಲಸ ಬಲ್ಲವರು, ಅದನ್ನು ತೋರಿಸಲು ಜಾಗ ಸಿಗಲಿಲ್ಲ ಅಷ್ಟೇ ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನಾನು ಕಂಡಿಲ್ಲ.

ಒಳ್ಳೆಯ ಕಾಲದಲ್ಲಿ ಕಂಪನಿಗಳು ಈ ಖರ್ಚನ್ನು ಹೇಗೋ ಹೊತ್ತುಕೊಳ್ಳುತ್ತವೆ. ಅನುಭವಿಗಳು ಸಿಗೋದಿಲ್ಲ, ಬೇರೆ ದಾರಿ ಇರೋದಿಲ್ಲ. ಎರಡು ಮೂರು ವರ್ಷದಲ್ಲಿ ಹಾಕಿದ್ದು ವಾಪಸ್ ಬರುತ್ತೆ ಅನ್ನುವ ನಂಬಿಕೆಯೂ ಇರುತ್ತದೆ. ಮುಂದಿನ ವರ್ಷ ಏನೋ ಎಂತೋ ಅನ್ನುವ ಹೊತ್ತಿನಲ್ಲಿ ಮೊದಲು ಕತ್ತರಿ ಬೀಳೋದು ಫಲ ತಡವಾಗಿ ಕೊಡುವ ಇಂಥ ಖರ್ಚಿಗೇ.

ಕತ್ತರಿ ಹೇಗೆ ಬೀಳುತ್ತೆ ಅನ್ನೋದನ್ನೂ ಹತ್ತಿರದಿಂದ ನೋಡಿದ್ದೇನೆ. ನಮ್ಮಲ್ಲಿ ಒಂದು ಹುದ್ದೆಯ ಜಾಹೀರಾತಿನಲ್ಲಿ 'ಅನುಭವ: 0–1 ವರ್ಷ' ಅಂತ ಇತ್ತು. ಮಂದಗಾಲದಲ್ಲಿ ಅದೇ ಹುದ್ದೆಗೆ ರೆಸ್ಯೂಮೆಗಳು ರಾಶಿ ಬಿದ್ದವು. ಎಲ್ಲವನ್ನೂ ಓದಲು ಯಾರಿಗೂ ಪುರುಸೊತ್ತಿಲ್ಲ. ಯಾರೋ ಸಾಫ್ಟ್‌ವೇರಿನ ಫಿಲ್ಟರ್‌ನಲ್ಲಿ ಎರಡು ವರ್ಷ ಅಂತ ಹಾಕಿದರು. ರಾಶಿ ಓದುವಷ್ಟಕ್ಕೆ ಇಳಿಯಿತು. ಮುಂದಿನ ಸಲ ಜಾಹೀರಾತಿನಲ್ಲೇ '2–3 ವರ್ಷ' ಅಂತ ಬಂತು. ಮಾಡಬೇಕಾದ ಕೆಲಸ ಒಂದಿಷ್ಟೂ ಬದಲಾಗಿರಲಿಲ್ಲ. 2008ರ ನಂತರದ ಹಿಂಜರಿತದಲ್ಲಿ ಅಮೆರಿಕದ ಆನ್‌ಲೈನ್ ಜಾಹೀರಾತುಗಳನ್ನು ರಾಶಿಗಟ್ಟಲೆ ನೋಡಿದ ಸಂಶೋಧಕರಿಗೂ ಇದೇ ಕಂಡಿದೆ. ಕೆಲಸ ಹುಡುಕುವವರು ಹೆಚ್ಚಾದ ಕಡೆ ಕೇಳುವ ಪದವಿ, ಅನುಭವ ಎರಡೂ ಏರಿದವು. ಮಾರುಕಟ್ಟೆ ಚೇತರಿಸಿಕೊಂಡ ಮೇಲೆ ಅವು ಮತ್ತೆ ಇಳಿದವು. ಅಂದರೆ ಜಾಹೀರಾತಿನಲ್ಲಿ ಕೇಳುವ ಅನುಭವ ಎಷ್ಟೋ ಸಲ ಕೆಲಸಕ್ಕೆ ಬೇಕಾದ ಅನುಭವವೇ ಅಲ್ಲ. ಹೊರಗಿನ ಸಾಲು ಎಷ್ಟು ಉದ್ದ ಇದೆ ಅನ್ನೋದನ್ನ ಅದು ಹೇಳುತ್ತಿರುತ್ತದೆ. 'ನನಗೆ ಅರ್ಹತೆ ಇಲ್ಲ' ಅಂತ ಅದನ್ನು ಓದಿಕೊಂಡು ಕುಗ್ಗಿಹೋದ ಎಷ್ಟೋ ಹುಡುಗ ಹುಡುಗಿಯರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

"ಇಷ್ಟು ದಿನ ಏನು ಮಾಡ್ತಿದ್ರಿ?"

ಒಂದು ಸಂದರ್ಶನ ಈಗಲೂ ಚೆನ್ನಾಗಿ ನೆನಪಿದೆ. ಆ ಹುಡುಗಿ ಪದವಿ ಮುಗಿಸಿ ಒಂದೂವರೆ ವರ್ಷವಾಗಿತ್ತು. ಕೆಲಸದ ಬಗ್ಗೆ ಕೇಳಿದ್ದಕ್ಕೆಲ್ಲ ಸ್ಪಷ್ಟವಾಗಿ ಉತ್ತರಿಸಿದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಳು. ಕೊನೆಗೆ ಪ್ಯಾನೆಲ್‌ನ ಹಿರಿಯರೊಬ್ಬರು ರೆಸ್ಯೂಮೆ ತಿರುವಿ ಕೇಳಿದರು: "ಪದವಿ ಮುಗಿದು ಇಷ್ಟು ದಿನ ಆಯ್ತಲ್ಲಮ್ಮಾ, ಏನು ಮಾಡ್ತಿದ್ರಿ?"

"ಕೆಲಸ ಹುಡುಕ್ತಿದ್ದೆ ಸರ್."

"ಅದು ಸರಿ. ಬೇರೆ ಏನು ಮಾಡಿದ್ರಿ?"

ಅವಳು ಒಂದು ಕ್ಷಣ ತಡೆದು, "ಅದೇ ಪೂರ್ತಿ ದಿನದ ಕೆಲಸ ಆಗಿತ್ತು ಸರ್," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ತೋರಿಸಿದಳು. ಎಲ್ಲಿ ಅರ್ಜಿ ಹಾಕಿದ್ದು, ಯಾವ ದಿನ ಪರೀಕ್ಷೆ, ಯಾರು ಉತ್ತರ ಕೊಟ್ಟರು, ಯಾರು ಕೊಡಲಿಲ್ಲ ಅಂತ ಪುಟ ಪುಟ ಗೆರೆ ಹಾಕಿ ಬರೆದಿದ್ದಳು. 'ನೇಮಕಾತಿ ನಿಂತಿದೆ' ಅಂತ ಎಷ್ಟೋ ಸಾಲುಗಳ ಎದುರು ಇತ್ತು.

ಅವಳು ಹೊರಗೆ ಹೋದ ಮೇಲೆ ಹಿರಿಯರು ಅಂದರು: "ಹುಡುಗಿ ಚೆನ್ನಾಗಿದ್ದಾಳೆ. ಆದ್ರೆ ಇಷ್ಟು ದಿನ ಯಾರೂ ತಗೊಂಡಿಲ್ಲ ಅಂದ್ರೆ ಏನೋ ಇರ್ಬೇಕು ಅಲ್ವಾ?" ನಾನು ವಾದ ಮಾಡಿದೆ. ಅವಳು ಪದವಿ ಮುಗಿಸಿದ ವರ್ಷ ನಾವೇ ಒಬ್ಬ ಫ್ರೆಶರ್‌ನನ್ನೂ ತಗೊಂಡಿರಲಿಲ್ಲ ಸರ್, ಅದು ಅವಳ ಕೊರತೆ ಹೇಗಾಗುತ್ತೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಹೌದು," ಅಂದರು. ಅವಳಿಗೆ ಕೆಲಸ ಸಿಕ್ಕಿತು. ಆದರೆ ಅವಳು ಈ ಕೋಣೆಯವರೆಗೆ ಬಂದಿದ್ದಳು, ಅದೇ ದೊಡ್ಡದು. ಎಷ್ಟೋ ಜನರ ಅರ್ಜಿಗಳು ಕೆಲಸವಿಲ್ಲದ ಅಂತರ ಕಂಡ ಕೂಡಲೇ, ಯಾರೂ ಬಾಯಿ ತೆರೆದು ಕೇಳುವ ಮೊದಲೇ, ಪಕ್ಕಕ್ಕೆ ಹೋಗಿರುತ್ತವೆ.

ಇದನ್ನು ಅಳೆದಿದ್ದಾರೆ. ಕೋರಿ ಕ್ರಾಫ್ಟ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಸಾವಿರಾರು ಕಾಲ್ಪನಿಕ ರೆಸ್ಯೂಮೆಗಳನ್ನು ನಿಜವಾದ ಜಾಹೀರಾತುಗಳಿಗೆ ಕಳಿಸಿದರು. ಅಭ್ಯರ್ಥಿ ಎಷ್ಟು ತಿಂಗಳಿಂದ ಕೆಲಸವಿಲ್ಲದೆ ಇದ್ದಾರೆ ಅನ್ನೋದನ್ನು ಚೀಟಿ ಎತ್ತಿದ ಹಾಗೆ ಬದಲಿಸಿದರು. ತಿಂಗಳು ಹೆಚ್ಚಾದ ಹಾಗೆ ಕಂಪನಿಗಳಿಂದ ಬರುವ ಕರೆ ಕಡಿಮೆಯಾಯಿತು. ಬಹುಪಾಲು ಇಳಿತ ಮೊದಲ ಎಂಟು ತಿಂಗಳಲ್ಲೇ ಆಗಿತ್ತು. 2013ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಇನ್ನೊಂದು ಸಂಗತಿಯೂ ಇದೆ, ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು ಅದೇ. ಕೆಲಸಗಳು ಹೇರಳವಾಗಿದ್ದ ಊರುಗಳಲ್ಲಿ ಅಂತರಕ್ಕೆ ಶಿಕ್ಷೆ ಜೋರಾಗಿತ್ತು, ಕೆಲಸವೇ ಇಲ್ಲದ ಊರುಗಳಲ್ಲಿ ಕಡಿಮೆ ಇತ್ತು. ಅಂದರೆ ಸುತ್ತಲೂ ಎಲ್ಲರಿಗೂ ಕಷ್ಟ ಇರುವ ಕಡೆ, ಕೆಲಸ ಕೊಡುವವರು ಅಂತರವನ್ನು ವ್ಯಕ್ತಿಯ ತಪ್ಪು ಅಂತ ಅಷ್ಟಾಗಿ ಓದುತ್ತಿರಲಿಲ್ಲ.

ಇದರಲ್ಲಿ ಸಮಾಧಾನವೂ ಇದೆ, ಅಪಾಯವೂ ಇದೆ. ಮಂದಗಾಲ ನಡೆಯುತ್ತಿರುವಾಗ ಅಂತರಕ್ಕೆ ಸ್ವಲ್ಪ ಕ್ಷಮೆ ಸಿಗುತ್ತದೆ. ಕಾಲ ಸುಧಾರಿಸಿದ ಮೇಲೆ ಎಲ್ಲರೂ ಮರೆತುಬಿಡುತ್ತಾರೆ. ಆಗ ಹೊಸ ಬ್ಯಾಚ್ ಕಾಲೇಜಿನಿಂದ ಹೊರಗೆ ಬಂದಿರುತ್ತದೆ, ಅವರ ರೆಸ್ಯೂಮೆಯಲ್ಲಿ ಅಂತರವೇ ಇರೋದಿಲ್ಲ. ಹಳೆಯ ಬ್ಯಾಚಿನವರು ಎರಡನೇ ಸಲ ಹಿಂದೆ ಬೀಳುತ್ತಾರೆ. ನೇಮಕಾತಿಯಲ್ಲಿ ಕೂರುವವರು ಮಾಡಬಹುದಾದ ಒಂದು ಕೆಲಸ ಇದೆ, ಅದಕ್ಕೆ ದುಡ್ಡೂ ಬೇಕಾಗಿಲ್ಲ. ಅಂತರ ಎಷ್ಟು ತಿಂಗಳು ಅಂತ ನೋಡುವ ಮೊದಲು ಪದವಿ ಮುಗಿದ ವರ್ಷ ಯಾವುದು ಅಂತ ನೋಡಿ, ಆ ವರ್ಷ ನಿಮ್ಮ ಕ್ಷೇತ್ರದಲ್ಲಿ ಎಷ್ಟು ಜನ ಹೊಸಬರನ್ನು ತಗೊಂಡಿದ್ದರು ಅಂತ ನೆನಪಿಸಿಕೊಳ್ಳಿ.

ಹುಟ್ಟಿದ ವರ್ಷದ ದಂಡ

ಜಪಾನಿನಲ್ಲಿ ಇದು ಎಷ್ಟು ದೂರ ಹೋಗಬಹುದು ಅಂತ ಗೊತ್ತಾಗಿದೆ. ಅಲ್ಲಿನ ದೊಡ್ಡ ಕಂಪನಿಗಳು ಪ್ರತಿ ವರ್ಷ ಆಗಷ್ಟೇ ಓದು ಮುಗಿಸುವವರನ್ನು ಒಟ್ಟಿಗೆ ಆರಿಸಿ, ಏಪ್ರಿಲ್‌ನಲ್ಲಿ ಒಟ್ಟಿಗೆ ಸೇರಿಸಿಕೊಳ್ಳುವ ಪದ್ಧತಿ ಇಟ್ಟುಕೊಂಡಿವೆ. ಒಳ್ಳೆಯ ಕಾಲದಲ್ಲಿ ಇದು ಯುವಕರಿಗೆ ವರ. ಓದು ಮುಗಿಯುವ ಮೊದಲೇ ಕೆಲಸ ಖಾತ್ರಿ, ಕಲಿಸುವ ಜವಾಬ್ದಾರಿ ಕಂಪನಿಯದ್ದು. ಆದರೆ ಆ ಬಾಗಿಲು ತೆರೆಯುವುದು ಹೆಚ್ಚುಕಡಿಮೆ ಒಂದೇ ಸಲ. 90ರ ದಶಕದ ಆರಂಭದಲ್ಲಿ ಅಲ್ಲಿನ ಆರ್ಥಿಕ ಗುಳ್ಳೆ ಒಡೆಯಿತು. ಒಳಗಿದ್ದ ಕಾಯಂ ನೌಕರರನ್ನು ತೆಗೆಯೋದು ಕಷ್ಟ, ಹಾಗಾಗಿ ಕಂಪನಿಗಳು ಹೊಸಬರನ್ನು ತೆಗೆದುಕೊಳ್ಳೋದನ್ನ ಇಳಿಸಿದವು. ಸುಮಾರು 1993ರಿಂದ 2005ರವರೆಗೆ ಓದು ಮುಗಿಸಿದವರನ್ನು ಅಲ್ಲಿ 'ಉದ್ಯೋಗದ ಹಿಮಯುಗ'ದ ಪೀಳಿಗೆ ಅಂತ ಕರೆಯುತ್ತಾರೆ. ತಾತ್ಕಾಲಿಕ ಕೆಲಸ, ಗುತ್ತಿಗೆ ಕೆಲಸ ಹಿಡಿದವರಲ್ಲಿ ಎಷ್ಟೋ ಜನರಿಗೆ ಆಮೇಲೆ ಕಾಯಂ ಕೆಲಸಕ್ಕೆ ದಾಟಲು ಆಗಲೇ ಇಲ್ಲ. ಬಾಗಿಲು ಮತ್ತೆ ತೆರೆದಾಗ ಅದು ಆ ವರ್ಷದ ಹೊಸ ಪದವೀಧರರಿಗಾಗಿ ತೆರೆದಿತ್ತು.

2019ರಲ್ಲಿ ಟಕರಾಜುಕಾ ಅನ್ನುವ ನಗರದ ಆಡಳಿತ ಈ ಪೀಳಿಗೆಗೆ ಅಂತಲೇ ಕಾಯಂ ಹುದ್ದೆಗಳನ್ನು ಕರೆಯಿತು. ಇದ್ದದ್ದು ಮೂರು ಹುದ್ದೆ. 1,800ಕ್ಕೂ ಹೆಚ್ಚು ಜನ ಅರ್ಜಿ ಹಾಕಿದರು. ಕೊನೆಗೆ ನಾಲ್ವರನ್ನು ತಗೊಂಡರು. ಅರ್ಜಿ ಹಾಕಿದವರು ಮೂವತ್ತರ ಕೊನೆ, ನಲವತ್ತರ ಆರಂಭದ ವಯಸ್ಸಿನವರು. ಇಪ್ಪತ್ತರಲ್ಲಿ ತಪ್ಪಿದ ಬಾಗಿಲ ಮುಂದೆ ಇಪ್ಪತ್ತು ವರ್ಷ ಕಳೆದ ಮೇಲೂ ಅಷ್ಟು ಜನ ನಿಂತಿದ್ದರು.

ಬೇರೆ ಕಡೆ ಗಾಯ ಇಷ್ಟು ಆಳವಾಗಿ ಉಳಿಯಲೇಬೇಕು ಅಂತ ಇಲ್ಲ. ಲೀಸಾ ಕಾನ್ 2010ರ ಅಧ್ಯಯನದಲ್ಲಿ 1979ರಿಂದ 1989ರ ನಡುವೆ ಪದವಿ ಪಡೆದ ಅಮೆರಿಕದ ಬಿಳಿಯ ಪುರುಷರನ್ನು ನೋಡಿದರು. ಪದವಿಯ ವರ್ಷ ನಿರುದ್ಯೋಗ ಒಂದು ಶೇಕಡಾ ಅಂಶ ಹೆಚ್ಚಿದ್ದರೆ ಆರಂಭದ ಸಂಬಳ ಶೇ 6ರಿಂದ 7ರಷ್ಟು ಕಡಿಮೆ ಇತ್ತು. ಹದಿನೈದು ವರ್ಷ ಕಳೆದರೂ ಆ ಕೊರತೆ ಪೂರ್ತಿ ತುಂಬಿರಲಿಲ್ಲ. ಕೆನಡಾದ ಪದವೀಧರರ ಬಗ್ಗೆ ಒರಿಯೊಪೌಲಸ್, ಫಾನ್ ವಾಕ್ಟರ್, ಹೈಸ್ ಮೂವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚಿತ್ರ ಸ್ವಲ್ಪ ಹಗುರ. ಹಿಂಜರಿತದಲ್ಲಿ ಹೊರಬಂದವರು ಶುರುವಿನಲ್ಲಿ ಸುಮಾರು ಶೇ 9ರಷ್ಟು ಕಡಿಮೆ ಗಳಿಸುತ್ತಿದ್ದರು. ಐದು ವರ್ಷದಲ್ಲಿ ಆ ಕೊರತೆ ಅರ್ಧವಾಯಿತು, ಹತ್ತು ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಇಲ್ಲವಾಯಿತು. ಎಲ್ಲರಿಗೂ ಅಲ್ಲ. ಓದಿದ ಕೋರ್ಸು, ಕಾಲೇಜಿನಿಂದಾಗಿ ಕಡಿಮೆ ಸಂಬಳವೇ ನಿರೀಕ್ಷಿತವಾಗಿದ್ದವರಿಗೆ ನಷ್ಟ ಹೆಚ್ಚು, ಚೇತರಿಕೆ ನಿಧಾನ.

ಚೇತರಿಸಿಕೊಂಡವರು ಹೇಗೆ ಚೇತರಿಸಿಕೊಂಡರು ಅನ್ನೋದನ್ನೂ ಆ ಅಧ್ಯಯನ ನೋಡಿದೆ. ಹಿಂಜರಿತದಲ್ಲಿ ಸಿಗುವ ಮೊದಲ ಕೆಲಸ ಸಾಮಾನ್ಯವಾಗಿ ಸಣ್ಣ, ಕಡಿಮೆ ಸಂಬಳ ಕೊಡುವ ಕಂಪನಿಯಲ್ಲಿ. ಗಳಿಕೆ ಕಡಿಮೆಯಾಗೋದರಲ್ಲಿ ಅದರದ್ದೂ ದೊಡ್ಡ ಪಾಲು ಇದೆ. ಮೇಲೆ ಬಂದವರು ಹೆಚ್ಚಾಗಿ ಬಂದದ್ದು ಒಳ್ಳೆಯ ಕಂಪನಿಗಳಿಗೆ ದಾಟಿ.  ಇದರಿಂದ ಮಂದಗಾಲದಲ್ಲಿ ಕೆಲಸಕ್ಕೆ ಸೇರಿದವರಿಗೆ ಹೇಳಬಹುದಾದ ಮಾತು ತುಂಬ ನಿರ್ದಿಷ್ಟವಾಗಿದೆ. ಸಿಕ್ಕ ಕೆಲಸ ಹಿಡಿಯಿರಿ, ಯಾಕೆಂದರೆ ರೆಸ್ಯೂಮೆಯಲ್ಲಿ ಆ ಮೊದಲ ಸಾಲು ಬೇಕು. ನಿಮ್ಮ ಕೆಲಸದ ಬಗ್ಗೆ ವಿವರವಾಗಿ ಬರೆದುಕೊಡುವ ಒಬ್ಬರನ್ನಾದರೂ ಅಲ್ಲಿ ಸಂಪಾದಿಸಿ. ಆದರೆ ಅದೇ ನಿಮ್ಮ ಬೆಲೆ ಅಂತ ಒಪ್ಪಿಕೊಂಡುಬಿಡಬೇಡಿ. ಸುತ್ತಲಿನ ಅನುಭವಿಗಳು ಕೆಲಸ ಬಿಟ್ಟು ಬೇರೆ ಕಡೆ ಹೋಗಲು ಶುರುಮಾಡಿದ್ದಾರಾ ಅಂತ ಗಮನಿಸುತ್ತಿರಿ. ಸರಪಳಿ ಮತ್ತೆ ಚಲಿಸುತ್ತಿದೆ ಅನ್ನೋದಕ್ಕೆ ಅದೇ ಗುರುತು, ನೀವೂ ಹುಡುಕಲು ಅದೇ ಹೊತ್ತು. ಹೊಸ ಕಡೆ ಸಂಬಳ ಮಾತಾಡುವಾಗ ಹಳೆಯ ಸಂಬಳದ ಮೇಲೆ ಇಷ್ಟು ಅಂತ ಲೆಕ್ಕ ಶುರುವಾದರೆ, ಆ ಹಳೆಯ ಸಂಬಳ ಯಾವ ವರ್ಷದ್ದು ಅಂತ ನೆನಪಿಸಿ, ಆ ಹುದ್ದೆಗೆ ಈಗ ನಡೆಯುತ್ತಿರುವ ದರವನ್ನೇ ಕೇಳಿ.